ಹೊಸ ನಂಬರ್ ಸೇವ್ ಮಾಡಿದ ತಕ್ಷಣ ಪಕ್ಕದಲ್ಲಿ ಹಸಿರು ಗುರುತು! ಆ್ಯಪ್‌ಗೆ ಹೇಳಿದ್ದು ಯಾರು?

ಕೌಲ್‌ಬಜಾರ್ ಹೊಲಿಗೆ
ಬಳ್ಳಾರಿಯಲ್ಲಿ ನಮ್ಮದು ಚಿಕ್ಕ ಜೀನ್ಸ್ ಯೂನಿಟ್. ಹನ್ನೆರಡು ಮಷಿನ್. ಪೀಸ್ ಲೆಕ್ಕದ ಕೂಲಿ, ಶನಿವಾರ ಬಟವಾಡೆ. ಮೊದಲು ನೋಟು ಎಣಿಸಿ ಕೊಡುತ್ತಿದ್ದೆ, ಈಗ ಮುಕ್ಕಾಲು ಪಾಲು ಮೊಬೈಲ್‌ನಲ್ಲೇ ಕಳಿಸುತ್ತೇನೆ.

ಮೊನ್ನೆ ಹೊಸಬನೊಬ್ಬ ಕೆಲಸಕ್ಕೆ ಸೇರಿದ. ಅವನ ನಂಬರ್ ಸೇವ್ ಮಾಡಿಕೊಂಡು ಪೇಮೆಂಟ್ ಆ್ಯಪ್ ತೆರೆದೆ. ಆಗಲೇ ಅವನ ಹೆಸರು ಪಟ್ಟಿಯಲ್ಲಿದೆ, ಪಕ್ಕದಲ್ಲಿ ಹಸಿರು ಗುರುತು, ಅಂದರೆ ಕಳಿಸಬಹುದು ಅಂತ. ನಾನು ಅವನನ್ನು ಏನೂ ಕೇಳಿಲ್ಲ. ಅವನ ಫೋನಿಗೂ ಏನೂ ಬಂದಿಲ್ಲ, ಅಲ್ಲೇ ಎದುರಿಗೆ ಕೂತಿದ್ದ, ತೋರಿಸಿದ. ಹಾಗಾದರೆ ಆ್ಯಪ್ ಯಾರನ್ನು ಕೇಳಿತು? ಬ್ಯಾಂಕನ್ನಾ?

ಸುಮ್ನೆ ಕುತೂಹಲಕ್ಕೆ ಕೇಳುತ್ತಿಲ್ಲ. ಹೋದ ತಿಂಗಳು ಇದೇ ಗುರುತು ನಂಬಿ 3,400 ರೂಪಾಯಿ ಬೇರೆ ಯಾರಿಗೋ ಹೋಗಿದೆ. ಆ ಕಥೆ ಆಮೇಲೆ ಹೇಳುತ್ತೇನೆ.

ಒಗ್ಗರಣೆ ಮಂಡಕ್ಕಿ
ಯಾರನ್ನೂ ಕೇಳದೆ ಎಲ್ಲ ತಿಳಿದುಕೊಳ್ಳೋದು ನಮ್ಮ ಓಣಿಯ ಅಜ್ಜಿಯರ ಕೆಲಸ. ಈಗ ಆ್ಯಪ್ ಕೂಡ ಕಲಿತಿದೆ ಬಿಡಿ.

ಸಂಡೂರು ಮಣ್ಣು
ಇದರಲ್ಲಿ ಏನಿದೆ ಅಣ್ಣ, ಎಲ್ಲ ಆಧಾರ್. ನಂಬರ್ ಆಧಾರ್‌ಗೆ ಲಿಂಕ್, ಆಧಾರ್ ಬ್ಯಾಂಕಿಗೆ ಲಿಂಕ್. ಆ್ಯಪ್ ನೇರ ಅಲ್ಲಿಂದಲೇ ತೆಗೆದುಕೊಳ್ಳುತ್ತದೆ.

ಕೌಂಟರ್ ನಂಬರ್ 3
ಇಲ್ಲ ತಮ್ಮಾ. ನಾನು ಮೂವತ್ತು ವರ್ಷ ಬ್ಯಾಂಕಿನಲ್ಲಿದ್ದವನು. ಯುಪಿಐ ನಿಂತಿರುವುದು ಖಾತೆಗೆ ಜೋಡಿಸಿದ ಮೊಬೈಲ್ ನಂಬರ್ ಮೇಲೆ. ಆ್ಯಪ್ ಮೊದಲ ಸಲ ಹಾಕುವಾಗ ಸಿಮ್ ಆಯ್ಕೆ ಮಾಡು ಅನ್ನುತ್ತದೆ, ನೆನಪಿದೆಯಾ? ಆಗ ನಿನ್ನ ಫೋನಿನಿಂದಲೇ ಒಂದು ಎಸ್ಸೆಮ್ಮೆಸ್ ಹೊರಗೆ ಹೋಗುತ್ತದೆ. ಅದು ಯಾವ ನಂಬರಿನಿಂದ ಬಂತು ಎಂದು ನೋಡಿ, ಈ ಫೋನು ಈ ಸಿಮ್‌ನದ್ದೇ ಎಂದು ಖಚಿತ ಮಾಡಿಕೊಳ್ಳುತ್ತಾರೆ. ಆಮೇಲೆ ಬ್ಯಾಂಕು ಆ ನಂಬರಿಗೆ ಯಾವ ಖಾತೆ ಇದೆ ಎಂದು ಹುಡುಕುತ್ತದೆ. ಪಿನ್ ಇಡುವಾಗ ಡೆಬಿಟ್ ಕಾರ್ಡ್ ಬದಲು ಆಧಾರ್ ಬಳಸಬಹುದು, ಆ ಮಾತು ಬೇರೆ. ಹಸಿರು ಗುರುತಿಗೂ ಆಧಾರ್‌ಗೂ ಸಂಬಂಧ ಇಲ್ಲ.

ಗಂಗಾವತಿ ಸೋನಾ
ಕೇಳದೆ ದುಡ್ಡು ಕಳಿಸಿದರೆ ವಾಪಸ್ ತರಿಸಿಕೊಳ್ಳೋದು ಹೇಗೆ ಅಂತ ತಾನೆ ಪ್ರಶ್ನೆ? ನನಗೂ ಒಬ್ಬ ಮಿಲ್ಲಿನವ 12 ಚೀಲದ ದುಡ್ಡು ಕೊಡಬೇಕು, ಕೇಳಿ ಕೇಳಿ ಸಾಕಾಗಿದೆ.

ಒಗ್ಗರಣೆ ಮಂಡಕ್ಕಿ
ಅಣ್ಣ, ಪ್ರಶ್ನೆ ಇನ್ನೊಂದು ಸಲ ಓದಿ 😄

ಶಕ್ತಿನಗರ ಸೆಕೆಂಡ್ ಶಿಫ್ಟ್
ನಾನು ಬೆಂಗಳೂರಿನಲ್ಲಿ ಆರು ವರ್ಷ ಇಂಥ ಕಂಪನಿಯೊಂದರಲ್ಲಿದ್ದೆ, ಈಗ ರಾಯಚೂರಿಗೆ ವಾಪಸ್ ಬಂದಿದ್ದೇನೆ. ಒಂದೊಂದು ಕಂಪನಿಯ ಒಳಗಿನ ವಿವರ ಬೇರೆ ಇರಬಹುದು. ಮೂಲ ದಾರಿ ಇಷ್ಟೇ.

ಹಸಿರು ಗುರುತು ಹಾಕುವಾಗ ಆ್ಯಪ್ ಬ್ಯಾಂಕನ್ನು ಕೇಳುವುದಿಲ್ಲ. ಆ ಹೊಸ ಹುಡುಗನನ್ನೂ ಕೇಳುವುದಿಲ್ಲ. ಕಂಪನಿ ತನ್ನ ರಿಜಿಸ್ಟರನ್ನೇ ತೆರೆದು ನೋಡುತ್ತದೆ. ನೀವು ಆ್ಯಪ್ ಹಾಕಿದ ದಿನ 'ಕಾಂಟ್ಯಾಕ್ಟ್ಸ್ ನೋಡಲು ಬಿಡಿ' ಎಂದು ಕೇಳಿತ್ತು, ನೀವು ಹೂಂ ಅಂದಿರಿ. ಅಲ್ಲಿಂದ ನಿಮ್ಮ ಫೋನ್‌ಬುಕ್ಕಿನ ನಂಬರುಗಳೆಲ್ಲ ಕಂಪನಿಯ ಸರ್ವರಿಗೆ ಹೋಗುತ್ತವೆ. ಸರ್ವರ್‌ನಲ್ಲಿ ಇನ್ನೊಂದು ಪಟ್ಟಿ ಇದೆ. ಈ ಆ್ಯಪ್‌ನಲ್ಲಿ ನೋಂದಣಿ ಮಾಡಿ ಖಾತೆ ಜೋಡಿಸಿಕೊಂಡವರ ನಂಬರುಗಳು. ಎರಡನ್ನೂ ಹೋಲಿಸಿ, ಎರಡರಲ್ಲೂ ಇರುವ ನಂಬರುಗಳನ್ನು ನಿಮ್ಮ ಫೋನಿಗೆ ವಾಪಸ್ ಕಳಿಸುತ್ತಾರೆ. ಫೋನು ಅದನ್ನು ತನ್ನೊಳಗೆ ಬರೆದಿಟ್ಟುಕೊಂಡು ಗುರುತು ಹಾಕುತ್ತದೆ. ಆ ಹುಡುಗ ಯಾವತ್ತೋ ನೋಂದಣಿ ಮಾಡಿದಾಗಲೇ ಉತ್ತರ ಕೊಟ್ಟು ಮುಗಿಸಿದ್ದಾನೆ. ಈಗ ಕೇಳಬೇಕಾದ್ದೇ ಇಲ್ಲ.

ಹೊಸ ನಂಬರ್ ಸೇವ್ ಮಾಡಿದಾಗ ಇಡೀ ಪಟ್ಟಿ ಮತ್ತೆ ಹೋಗಬೇಕಿಲ್ಲ, ಸಾಮಾನ್ಯವಾಗಿ ಬದಲಾದದ್ದು ಮಾತ್ರ ಹೋಗುತ್ತದೆ. ಅದಕ್ಕೇ ಅಷ್ಟು ಬೇಗ.

ನಂಬಿಕೆ ಬರದಿದ್ದರೆ ಒಂದು ಪರೀಕ್ಷೆ ಮಾಡಿ. ಡೇಟಾ, ವೈಫೈ ಎರಡೂ ಆಫ್ ಮಾಡಿ. ಗುರುತು ಬರಬಹುದು ಎಂದು ಗೊತ್ತಿರುವ ಯಾರದಾದರೂ ಹೊಸ ನಂಬರ್ ಸೇವ್ ಮಾಡಿ ಆ್ಯಪ್ ತೆರೆಯಿರಿ. ಏನಾಗುತ್ತದೆ ಎಂದು ಇಲ್ಲಿ ಬರೆಯಿರಿ.

ಕೌಲ್‌ಬಜಾರ್ ಹೊಲಿಗೆ
ಮಾಡಿದೆ ಸರ್. ಪಕ್ಕದ ಬಟನ್ ಅಂಗಡಿಯವರ ನಂಬರ್ ನನ್ನ ಹತ್ತಿರ ಇರಲಿಲ್ಲ, ಅದನ್ನೇ ಸೇವ್ ಮಾಡಿದೆ. ಹಳೆಯವರ ಗುರುತೆಲ್ಲ ಹಾಗೇ ಇತ್ತು. ಬಟನ್ ಅಂಗಡಿಯವರಿಗೆ ಮಾತ್ರ ಬರಲಿಲ್ಲ. ಡೇಟಾ ಆನ್ ಮಾಡಿ ಪಟ್ಟಿಯನ್ನು ಒಮ್ಮೆ ಕೆಳಗೆ ಎಳೆದು ಬಿಟ್ಟೆ, ಬಂತು.

ಶಕ್ತಿನಗರ ಸೆಕೆಂಡ್ ಶಿಫ್ಟ್
ನೋಡಿ, ಹಳೇ ಗುರುತು ಫೋನಿನಲ್ಲೇ ಬರೆದಿಟ್ಟದ್ದು, ಹೊಸದು ಸರ್ವರ್ ಹೇಳಿದ್ದು. ಈ 'ಬರೆದಿಟ್ಟದ್ದು' ಅನ್ನುವುದನ್ನು ನೆನಪಿಡಿ. ನಿಮ್ಮ 3,400ರ ಕಥೆಯಲ್ಲಿ ಬಹುಶಃ ಮತ್ತೆ ಬರುತ್ತದೆ.

ಕಿನ್ನಾಳ ಗೊಂಬೆ
ಒಂದು ಸಣ್ಣ ಅನುಮಾನ. ನನ್ನ ಫೋನಿನಲ್ಲಿ ಒಂದೇ ಮನುಷ್ಯ ಮೂರು ಥರ ಇದ್ದಾನೆ. ಒಂದು ಸೊನ್ನೆ ಹಾಕಿ, ಒಂದು +91 ಹಾಕಿ, ಒಂದು ನಡುವೆ ಜಾಗ ಬಿಟ್ಟು. ಮೂರಕ್ಕೂ ಗುರುತಿದೆ. ಹೋಲಿಸುವಾಗ ತಪ್ಪುವುದಿಲ್ಲವಾ?

ಶಕ್ತಿನಗರ ಸೆಕೆಂಡ್ ಶಿಫ್ಟ್
ಹೋಲಿಸುವ ಮೊದಲು ಎಲ್ಲವನ್ನೂ ಒಂದೇ ಅಚ್ಚಿಗೆ ತರುತ್ತಾರೆ. ಜಾಗ, ಗೆರೆ, ಕಂಸ ಎಲ್ಲ ತೆಗೆದು, ಮುಂದಿನ ಸೊನ್ನೆ ತೆಗೆದು, +91 ಸೇರಿಸುತ್ತಾರೆ. ಮೂರೂ ಒಂದೇ ಆಗುತ್ತವೆ. 198, 121 ಅಂಥ ಚಿಕ್ಕ ನಂಬರುಗಳು ಇಲ್ಲೇ ಉದುರಿಹೋಗುತ್ತವೆ.

ನಮ್ಮ ಕಡೆ ಒಂದು ತಮಾಷೆ ಇದೆ. ಬಳ್ಳಾರಿ ಲ್ಯಾಂಡ್‌ಲೈನ್ 08392, ಮುಂದೆ ಆರು ಅಂಕಿ. ಸೊನ್ನೆ ತೆಗೆದರೆ ಸರಿಯಾಗಿ ಹತ್ತು ಅಂಕಿ, ಅದೂ 8ರಿಂದ ಶುರು. ನೋಡಲು ಮೊಬೈಲ್ ನಂಬರೇ! ರಾಯಚೂರು 08532, ಕೊಪ್ಪಳ 08539, ಅವೂ ಹಾಗೇ. 'ಹತ್ತು ಅಂಕಿ, 6ರಿಂದ 9ರೊಳಗೆ ಶುರು' ಎಂದಷ್ಟೇ ಜರಡಿ ಹಿಡಿದರೆ ನಿಮ್ಮ ಹಳೇ ಎಸ್‌ಟಿಡಿ ಬೂತಿನ ನಂಬರೂ ಸರ್ವರಿಗೆ ಹೋಗುತ್ತದೆ. ನಷ್ಟವೇನಿಲ್ಲ, ಅಲ್ಲಿ ಯಾರೂ ನೋಂದಣಿ ಮಾಡಿರುವುದಿಲ್ಲ, ಗುರುತಿಲ್ಲದೆ ವಾಪಸ್ ಬರುತ್ತದೆ.

ಮಾನ್ವಿ ಮೇಡಂ
ನಷ್ಟ ಇಲ್ಲ ಅಂತ ಅಷ್ಟು ಸಲೀಸಾಗಿ ಹೇಳಬೇಡಿ ಸರ್. ನಮ್ಮ ಅತ್ತೆಗೆ ಕೀಪ್ಯಾಡ್ ಫೋನು. ಆ್ಯಪ್ ಅಂದರೆ ಏನು ಅಂತಲೇ ಗೊತ್ತಿಲ್ಲ. ಅವರ ನಂಬರ್ ನನ್ನ ಫೋನಿನಿಂದ, ನನ್ನ ಗಂಡನ ಫೋನಿನಿಂದ, ಐದು ಜನ ಮೊಮ್ಮಕ್ಕಳ ಫೋನಿನಿಂದ ಹೋಗಿರಬೇಕು. ಹೂಂ ಅಂದದ್ದು ನಾವು. ಅತ್ತೆ ಯಾವತ್ತು ಹೂಂ ಅಂದರು?

ಕೊಪ್ಪಳ ಕೋಟೆ
ಮೇಡಂ, ಹೆದರಬೇಡಿ. ನಂಬರ್ ಹಾಗೇ ಹೋಗುವುದಿಲ್ಲ. ಹ್ಯಾಶ್ ಮಾಡಿ ಕಳಿಸುತ್ತಾರೆ. ಅಂದರೆ ನಂಬರನ್ನು ಅರೆದು ಅರೆದು 64 ಅಕ್ಷರದ ಗುರುತು ಸಿಗದ ಸಾಲು ಮಾಡುತ್ತಾರೆ. ಹಿಟ್ಟಿನಿಂದ ಜೋಳ ವಾಪಸ್ ಬರುತ್ತದಾ? ಹಾಗೆ. ಸರ್ವರ್‌ನವರೂ ತಮ್ಮ ಪಟ್ಟಿಯನ್ನು ಹಾಗೇ ಅರೆದಿಟ್ಟುಕೊಂಡು, ಹಿಟ್ಟಿಗೆ ಹಿಟ್ಟು ಹೋಲಿಸುತ್ತಾರೆ. ಅತ್ತೆಯವರ ನಂಬರ್ ಅವರಿಗೆ ಗೊತ್ತಾಗುವುದೇ ಇಲ್ಲ. ನಾನು ಮನೆಯಲ್ಲಿ ಮಾಡಿ ನೋಡಿದ್ದೇನೆ:

```
printf '%s' '+91XXXXXXXXXX' | sha256sum
```

ಎಕ್ಸ್ ಇರುವಲ್ಲಿ ನಿಮ್ಮ ನಂಬರ್ ಹಾಕಿ. ಮೊದಲು `echo` ಹಾಕಿ ಮಾಡಿದ್ದೆ, ಉತ್ತರ ಬೇರೆಯೇ ಬರುತ್ತಿತ್ತು. ಅರ್ಧ ದಿನ ತಲೆ ಕೆಡಿಸಿಕೊಂಡ ಮೇಲೆ ತಿಳಿಯಿತು, ಅದು ಕೊನೆಗೆ ಕಣ್ಣಿಗೆ ಕಾಣದ ಒಂದು ಎಂಟರ್ ಸೇರಿಸುತ್ತದೆ. ಒಂದು ಚುಕ್ಕೆ ವ್ಯತ್ಯಾಸವಾದರೂ ಹಿಟ್ಟು ಪೂರ್ತಿ ಬೇರೆ.

ಶಕ್ತಿನಗರ ಸೆಕೆಂಡ್ ಶಿಫ್ಟ್
ಅರ್ಧ ಸರಿ. ಹಿಟ್ಟಿನಿಂದ ಜೋಳ ಬರುವುದಿಲ್ಲ, ಒಪ್ಪಿದೆ. ಆದರೆ ಇಲ್ಲಿ ಇರುವ ಕಾಳುಗಳನ್ನು ಎಣಿಸಿ ಮುಗಿಸಬಹುದು.

ಭಾರತದ ಮೊಬೈಲ್ ನಂಬರ್ 6, 7, 8 ಅಥವಾ 9ರಿಂದ ಶುರು. ಉಳಿದ ಒಂಬತ್ತು ಅಂಕಿ ಏನು ಬೇಕಾದರೂ ಇರಬಹುದು. ಒಂಬತ್ತು ಅಂಕಿಗೆ 100 ಕೋಟಿ ಸಾಧ್ಯತೆ. ನಾಲ್ಕರಿಂದ ಗುಣಿಸಿ, 400 ಕೋಟಿ. ಅಷ್ಟೇ ಲೋಕ. ನಾನು ಕಳ್ಳನಾದರೆ ಹಿಟ್ಟಿನಿಂದ ಕಾಳು ತೆಗೆಯಲು ಹೋಗುವುದಿಲ್ಲ. 400 ಕೋಟಿ ಕಾಳನ್ನೂ ಒಂದೊಂದಾಗಿ ನಾನೇ ಅರೆದು, ನಿನ್ನ ಹಿಟ್ಟಿಗೆ ಯಾವುದು ಕೂಡಿಬಂತು ಎಂದು ನೋಡುತ್ತೇನೆ. ನಮಗೆ 400 ಕೋಟಿ ಅಂದರೆ ದೊಡ್ಡದು. ಗೇಮ್ ಆಡುವ ಹುಡುಗರು ಹಾಕಿಸುವ ಒಳ್ಳೆ ಗ್ರಾಫಿಕ್ಸ್ ಕಾರ್ಡಿಗೆ ಅದು ಕೆಲವೇ ಸೆಕೆಂಡಿನ ಕೆಲಸ.

ಹ್ಯಾಶ್‌ನಿಂದ ಏನೂ ಉಪಯೋಗ ಇಲ್ಲ ಅನ್ನುತ್ತಿಲ್ಲ. ಕಂಪನಿಯೊಳಗೆ ಯಾರೋ ಫೈಲ್ ತೆರೆದರೆ ನಂಬರ್ ನೇರ ಕಣ್ಣಿಗೆ ಬೀಳುವುದಿಲ್ಲ. ಆದರೆ 'ಅವರಿಗೆ ಗೊತ್ತಾಗುವುದೇ ಇಲ್ಲ' ಅನ್ನುವುದು ಸುಳ್ಳು.

ಕೊಪ್ಪಳ ಕೋಟೆ
ಹಾಗಾದರೆ ಅರೆಯುವ ಮೊದಲು ಸಾಲ್ಟ್ ಅಂತ ಬೇರೆ ಒಂದಷ್ಟು ಅಕ್ಷರ ಸೇರಿಸಿದರೆ? ಪಾಸ್‌ವರ್ಡಿಗೆ ಸೇರಿಸುತ್ತಾರಲ್ಲ.

ಒಗ್ಗರಣೆ ಮಂಡಕ್ಕಿ
ಜೋಳ, ಹಿಟ್ಟು, ಉಪ್ಪು ಎಲ್ಲ ಆಯಿತು. ಇನ್ನು ರೊಟ್ಟಿ ಬಡಿಯುವುದೊಂದೇ ಬಾಕಿ.

ಶಕ್ತಿನಗರ ಸೆಕೆಂಡ್ ಶಿಫ್ಟ್
ಪಾಸ್‌ವರ್ಡಿಗೆ ಒಬ್ಬೊಬ್ಬರಿಗೆ ಒಂದೊಂದು ಉಪ್ಪು ಹಾಕಬಹುದು. ಇಲ್ಲಿ ನನ್ನ ಫೋನಿನ ಹಿಟ್ಟೂ ಸರ್ವರ್‌ನ ಹಿಟ್ಟೂ ಕೂಡಿಬರಬೇಕಲ್ಲ, ಅದಕ್ಕೆ ಎಲ್ಲರಿಗೂ ಒಂದೇ ಉಪ್ಪು ಬೇಕು. ಅದು ಎಲ್ಲರ ಫೋನಿನಲ್ಲೂ ಇರುವಾಗ ಗುಟ್ಟು ಎಲ್ಲಿ ಉಳಿಯಿತು? ಸರ್ವರ್‌ನವರಿಗಂತೂ ಗೊತ್ತೇ ಇದೆ.

ಕಿನ್ನಾಳ ಗೊಂಬೆ
ಹಾಗಾದರೆ ಕಂಪನಿಗೆ ತಿಳಿಯದ ಹಾಗೆ ಹೋಲಿಸಲು ದಾರಿಯೇ ಇಲ್ಲವಾ?

ಶಕ್ತಿನಗರ ಸೆಕೆಂಡ್ ಶಿಫ್ಟ್
ಇದೆ. ಎರಡು ಬೀಗದ ಆಟ. ನಂಬರನ್ನು ಪೆಟ್ಟಿಗೆಯಲ್ಲಿ ಹಾಕಿ ನನ್ನ ಬೀಗ ಹಾಕಿ ಕಳಿಸುತ್ತೇನೆ. ಕಂಪನಿ ಅದರ ಮೇಲೆ ತನ್ನ ಬೀಗವನ್ನೂ ಹಾಕಿ ವಾಪಸ್ ಕೊಡುತ್ತದೆ. ನಾನು ನನ್ನ ಬೀಗ ತೆಗೆಯುತ್ತೇನೆ. ಈಗ ನನ್ನ ಕೈಯಲ್ಲಿ ಕಂಪನಿಯ ಬೀಗ ಮಾತ್ರ ಇರುವ ಪೆಟ್ಟಿಗೆ ಇದೆ. ಕಂಪನಿ ತನ್ನ ಗಿರಾಕಿಗಳ ನಂಬರುಗಳಿಗೂ ಅದೇ ಬೀಗ ಹಾಕಿದ ಪಟ್ಟಿ ಕೊಟ್ಟಿರುತ್ತದೆ. ಪೆಟ್ಟಿಗೆ ತೆರೆಯದೆ, ಹೊರಗಿನಿಂದಲೇ ಎರಡೂ ಒಂದೇನಾ ಎಂದು ನೋಡಬಹುದು. ಕಂಪನಿ ನನ್ನ ಫೋನ್‌ಬುಕ್ ನೋಡಲಿಲ್ಲ, ನಾನೂ ಅವರ ಪಟ್ಟಿ ಓದಲಿಲ್ಲ. ಕಬ್ಬಿಣದ ಬೀಗದ ಬದಲು ಲೆಕ್ಕದ ಬೀಗ, ಅಷ್ಟೇ.

ತೊಂದರೆ ಆ ಪಟ್ಟಿಯ ಗಾತ್ರದ್ದು. ಮಾತಿಗೆ 40 ಕೋಟಿ ಗಿರಾಕಿ ಅಂದುಕೊಳ್ಳಿ. ಒಬ್ಬರಿಗೆ ಬರೀ 4 ಬೈಟ್ ಇಟ್ಟರೂ 160 ಕೋಟಿ ಬೈಟ್, ಒಂದೂವರೆ ಜಿಬಿ. ಹಸಿರು ಗುರುತು ನೋಡಲು ನಿಮ್ಮ ಆ ದಿನದ ಡೇಟಾ ಪ್ಯಾಕ್ ಪೂರ್ತಿ ಖಾಲಿ! ಪಟ್ಟಿಯನ್ನು ತುಂಡು ಮಾಡಿ, ಬೇಕಾದ ತುಂಡು ಮಾತ್ರ ಕಳಿಸುವ ಉಪಾಯಗಳಿವೆ. ಆದರೆ ಯಾವ ತುಂಡು ಕೇಳಿದೆ ಅನ್ನುವುದೇ ಸ್ವಲ್ಪ ಗುಟ್ಟು ಬಿಟ್ಟುಕೊಡುತ್ತದೆ. ನಂಬರ್ ಹಾಗೇ ಕಳಿಸಿಬಿಡುವುದು ಸುಲಭ, ಅಗ್ಗ. ಹಾಗಾಗಿ ಜಾಸ್ತಿ ಜನ ಅದನ್ನೇ ಮಾಡುತ್ತಾರೆ.

ಮಾನ್ವಿ ಮೇಡಂ
ನನ್ನ ಪ್ರಶ್ನೆ ಹಾಗೇ ಉಳಿಯಿತು. ಹೋಲಿಸಿ ಆದಮೇಲೆ ಅತ್ತೆ ನಂಬರನ್ನು ಎಸೆಯುತ್ತಾರಾ, ಇಟ್ಟುಕೊಳ್ಳುತ್ತಾರಾ?

ಶಕ್ತಿನಗರ ಸೆಕೆಂಡ್ ಶಿಫ್ಟ್
ಕೆಲವರು ಎಸೆಯುತ್ತಾರೆ, ಕೆಲವರು ಇಟ್ಟುಕೊಳ್ಳುತ್ತಾರೆ. 'ನಿಮ್ಮ ಪರಿಚಯದ ಇಂಥವರು ಈಗ ಆ್ಯಪ್‌ಗೆ ಸೇರಿದ್ದಾರೆ' ಎಂದು ನೋಟಿಫಿಕೇಶನ್ ಬರುತ್ತದಲ್ಲ, ಅದು ನೀವು ಆ್ಯಪ್ ತೆರೆಯದೇ ಬಂದರೆ ನಿಮ್ಮ ಪಟ್ಟಿಯನ್ನು ಇಟ್ಟುಕೊಂಡಿದ್ದಾರೆ ಎಂದೇ ಅರ್ಥ.

ಕೊಪ್ಪಳ ಕೋಟೆ
ಇಲ್ಲಿ ನಾನು ಒಪ್ಪುವುದಿಲ್ಲ. ಫೋನು ರಾತ್ರಿ ಚಾರ್ಜಿಗೆ ಹಾಕಿದಾಗ ಆ್ಯಪ್ ಹಿಂದಿನಿಂದಲೇ ಪಟ್ಟಿಯನ್ನು ಮತ್ತೆ ಕಳಿಸಿ ಹೋಲಿಸಿರಬಹುದಲ್ಲ. ಇಟ್ಟುಕೊಂಡೇ ಇರಬೇಕು ಅಂತೇನಿಲ್ಲ.

ಶಕ್ತಿನಗರ ಸೆಕೆಂಡ್ ಶಿಫ್ಟ್
ಅದೂ ಆಗಬಹುದು. ಸರಿ, ಆ ಒಂದು ನೋಟಿಫಿಕೇಶನ್‌ನಿಂದಲೇ ತೀರ್ಮಾನ ಮಾಡಲು ಬರುವುದಿಲ್ಲ.

ಮಾನ್ವಿ ಮೇಡಂ
ಅಂದರೆ ಹೊರಗಿನಿಂದ ನೋಡಿ ತಿಳಿಯುವುದು ಆಗದ ಮಾತು. ಚೆನ್ನಾಗಿದೆ. ನಾನು ಕಾಂಟ್ಯಾಕ್ಟ್ಸ್ ಅನುಮತಿ ಈಗಲೇ ತೆಗೆದುಹಾಕಿದೆ.

ಕೌಂಟರ್ ನಂಬರ್ 3
ತೆಗೆದರೂ ದುಡ್ಡು ಕಳಿಸಬಹುದಮ್ಮ. ನಾನು ಅನುಮತಿ ಕೊಟ್ಟೇ ಇಲ್ಲ. ನಂಬರ್ ಟೈಪ್ ಮಾಡುತ್ತೇನೆ, ಹೆಸರು ಬರುತ್ತದೆ, ಕಳಿಸುತ್ತೇನೆ.

ಮಾನ್ವಿ ಮೇಡಂ
ಅದೇ ನನ್ನ ಇನ್ನೊಂದು ಸಿಟ್ಟು ಸರ್. ಹೋದ ವರ್ಷ ಶಾಲೆಯ ಹತ್ತಿರ ಆಟೋದವನೊಬ್ಬ ಎಲ್ಲಿಂದಲೋ ನನ್ನ ನಂಬರ್ ಸಂಪಾದಿಸಿದ್ದ. ಕರೆ ಮಾಡಿ ನನ್ನ ಪೂರ್ತಿ ಹೆಸರು, ಗಂಡನ ಹೆಸರು ಸೇರಿಸಿ ಹೇಳಿದ. ಹೇಗೆ ಗೊತ್ತು ಅಂದರೆ, 'ಪೇಮೆಂಟ್ ಆ್ಯಪ್‌ನಲ್ಲಿ ನಂಬರ್ ಹಾಕಿದೆ ಮೇಡಂ, ಬಂತು' ಅಂದ. ಒಂದು ರೂಪಾಯಿಯೂ ಕಳಿಸಿಲ್ಲ. ನನಗೆ ಒಂದು ಮೆಸೇಜೂ ಬಂದಿಲ್ಲ.

ಶಕ್ತಿನಗರ ಸೆಕೆಂಡ್ ಶಿಫ್ಟ್
ಇದು ಹಸಿರು ಗುರುತಿಗಿಂತ ಬೇರೆ ದಾರಿ, ಬಿಡಿಸಿ ಹೇಳಬೇಕು. ಗುರುತು ಹಾಕುವಾಗ ಕಂಪನಿ ತನ್ನ ಪುಸ್ತಕ ಮಾತ್ರ ನೋಡುತ್ತದೆ. ನೀವು ಹೆಸರಿನ ಮೇಲೆ ಒತ್ತಿದಾಗ, ಇಲ್ಲವೇ ನಂಬರ್ ಟೈಪ್ ಮಾಡಿದಾಗ, ಆಗ ಮಾತ್ರ ವಿಚಾರಣೆ ಹೊರಗೆ ಹೋಗುತ್ತದೆ. ಯುಪಿಐ ನಡೆಸುವ ಎನ್‌ಪಿಸಿಐ ಸಂಸ್ಥೆಯ ಹತ್ತಿರ ಒಂದು ದೊಡ್ಡ ಪುಸ್ತಕವಿದೆ, ಯಾವ ಮೊಬೈಲ್ ನಂಬರಿಗೆ ಯಾವ ಯುಪಿಐ ಐಡಿ ಎಂದು. ಬೇರೆ ಆ್ಯಪ್ ಬಳಸುವವರೂ ಅದರಲ್ಲಿ ಸಿಗುತ್ತಾರೆ. ಅಲ್ಲಿಂದ ಐಡಿ ಸಿಕ್ಕಿತು ಅಂದರೆ, ಅದು ಸರಿ ಇದೆಯಾ, ಯಾರ ಹೆಸರಿನಲ್ಲಿದೆ ಎಂದು ಅವರ ಆ್ಯಪ್, ಬ್ಯಾಂಕಿನ ಕಡೆ ಕೇಳುತ್ತಾರೆ. ಹೆಸರು ವಾಪಸ್ ಬರುತ್ತದೆ. ಯಂತ್ರಕ್ಕೆ ಯಂತ್ರ ಉತ್ತರ ಕೊಡುತ್ತದೆ. ನಿಮಗೆ ತಿಳಿಸುವ ಪದ್ಧತಿಯೇ ಇಲ್ಲ.

ಹೆಸರು ತೋರಿಸುವುದು ತಪ್ಪು ಜಾಗಕ್ಕೆ ದುಡ್ಡು ಹೋಗದಿರಲಿ ಅಂತ. 2025ರ ಜೂನ್ 30ರ ಹೊತ್ತಿಗೆ ಎಲ್ಲ ಆ್ಯಪ್‌ಗಳೂ ಬ್ಯಾಂಕಿನ ದಾಖಲೆಯಲ್ಲಿರುವ ಹೆಸರನ್ನೇ ತೋರಿಸಬೇಕು ಎಂದು ಎನ್‌ಪಿಸಿಐ ಹೇಳಿತು. ಕಳಿಸುವವನಿಗೆ ಅದು ಕಾವಲು. ನಿಮಗೆ ತೊಂದರೆ ಆಗಿದ್ದೂ ಅದರಿಂದಲೇ. ಮೊಬೈಲ್ ನಂಬರಿಗೆ ಜೋಡಿಸಿದ ಯುಪಿಐ ನಂಬರನ್ನು ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿ ನಿಲ್ಲಿಸಲು ಬರುತ್ತದೆ, ಹುಡುಕಿ ನೋಡಿ. ಆಮೇಲೆ ಐಡಿಯನ್ನೋ ಕ್ಯೂಆರ್ ಕೋಡನ್ನೋ ನೀವೇ ಕೊಟ್ಟವರು ಮಾತ್ರ ಕಳಿಸಬಹುದು. ಅದೇ ಆ್ಯಪ್ ಇರುವವರಿಗೆ ನೀವು ಆಗಲೂ ಕಾಣಬಹುದು, ಅದಕ್ಕೆ ಆ ಕಂಪನಿಯ ಪ್ರೈವಸಿ ಸೆಟ್ಟಿಂಗ್ ಬೇರೆ ನೋಡಬೇಕು.

ಸಂಡೂರು ಮಣ್ಣು
ಅದಕ್ಕೇನಾ ನನ್ನ ತಂಗಿ ಗುರುತಿಲ್ಲದೆ 'ಆಹ್ವಾನಿಸಿ' ಅಂತ ಬರುವುದು? ಅವಳದು ಬೇರೆ ಆ್ಯಪ್. ಆದರೆ ನಂಬರ್ ಹಾಕಿದರೆ ದುಡ್ಡು ಹೋಗುತ್ತದೆ.

ಶಕ್ತಿನಗರ ಸೆಕೆಂಡ್ ಶಿಫ್ಟ್
ಅದೇ. ಗುರುತು ಇಲ್ಲ ಅಂದರೆ ದುಡ್ಡು ಹೋಗುವುದಿಲ್ಲ ಅಂತ ಅಲ್ಲ. ಗುರುತು ಇದೆ ಅಂದರೆ ಸರಿಯಾದ ಮನುಷ್ಯನಿಗೆ ಹೋಗುತ್ತದೆ ಅಂತಲೂ ಅಲ್ಲ. ಈಗ ಆ 3,400ರ ಕಥೆ ಹೇಳಿ.

ಕೌಲ್‌ಬಜಾರ್ ಹೊಲಿಗೆ
ಹೇಳುತ್ತೇನೆ. ನಮ್ಮಲ್ಲಿ ಒಬ್ಬ ಹೊಲಿಗೆಯವ ಇದ್ದ. ಜೇಬು, ಜಿಪ್ ಹಾಕುವುದರಲ್ಲಿ ಕೈ ಚುರುಕು. ಒಂದೂವರೆ ವರ್ಷದ ಹಿಂದೆ ಬಿಟ್ಟು ಊರಿಗೆ ಹೋದ. ಹಬ್ಬದ ಸೀಸನ್ ಅಂತ ಈ ಸಲ ಮತ್ತೆ ಬಂದ. ಶನಿವಾರ ಎಲ್ಲರಿಗೂ ಕಳಿಸುವಾಗ ಅವನ ಹೆಸರು ಹುಡುಕಿದೆ, ಇತ್ತು. ಹಸಿರು ಗುರುತೂ ಇತ್ತು. 3,400 ಕಳಿಸಿದೆ. ಸೋಮವಾರ ಬಂದು 'ಅಣ್ಣ, ನನ್ನ ಬಟವಾಡೆ?' ಅಂದ. ಊರಿಗೆ ಹೋದಮೇಲೆ ಸಿಮ್ ಬಿಟ್ಟಿದ್ದನಂತೆ. ಆ ನಂಬರ್ ಈಗ ಬೇರೆ ಯಾರದ್ದೋ.

ಫೋನ್ ಮಾಡಿದೆ. ಎತ್ತಿದವರು ನಮ್ಮ ಭಾಷೆಯವರಲ್ಲ. ನಾನು ಹೇಳಿದ್ದು ಅವರಿಗೆ ತಿಳಿಯಲಿಲ್ಲವೋ, ತಿಳಿದೂ ಸುಮ್ಮನಾದರೋ. ಎರಡನೇ ಸಲ ಎತ್ತಲೇ ಇಲ್ಲ.

ಶಕ್ತಿನಗರ ಸೆಕೆಂಡ್ ಶಿಫ್ಟ್
ಒಂದು ಕೇಳುತ್ತೇನೆ. ಕಳಿಸುವ ಮೊದಲಿನ ಪುಟದಲ್ಲಿ ಎರಡು ಹೆಸರು ಇದ್ದವಾ?

ಕೌಲ್‌ಬಜಾರ್ ಹೊಲಿಗೆ
ಹಳೇ ಲೆಕ್ಕ ತೆಗೆದು ಈಗ ನೋಡಿದೆ. ಮೇಲೆ ದೊಡ್ಡದಾಗಿ ನಾನು ಸೇವ್ ಮಾಡಿದ ಹೆಸರು, 'ಜಿಪ್' ಅಂತ ಸೇರಿಸಿದ್ದೆ, ಅದೂ ಇದೆ. ಕೆಳಗೆ ಸಣ್ಣ ಅಕ್ಷರದಲ್ಲಿ ಬೇರೆ ಹೆಸರು. ಹನ್ನೆರಡು ಜನಕ್ಕೆ ಕಳಿಸುವ ಗಡಿಬಿಡಿಯಲ್ಲಿ ಯಾರು ನೋಡುತ್ತಾರೆ ಸರ್.

ಶಕ್ತಿನಗರ ಸೆಕೆಂಡ್ ಶಿಫ್ಟ್
ಸಿಕ್ಕಿತು. ದೊಡ್ಡ ಹೆಸರು ನಿಮ್ಮ ಫೋನ್‌ಬುಕ್ಕಿನದು. ಅದನ್ನು ನೀವೇ ಬರೆದಿದ್ದೀರಿ, ಅದು ಯಾವ ಸಾಕ್ಷಿಯೂ ಅಲ್ಲ. ಸಣ್ಣ ಹೆಸರು ಬ್ಯಾಂಕಿನದು.

ನಡೆದದ್ದು ಹೀಗಿರಬೇಕು. ನಿಮ್ಮವನು ಸಿಮ್ ಬಿಟ್ಟ. ರೀಚಾರ್ಜ್ ಇಲ್ಲದೆ ನಂಬರ್ ಬಂದ್ ಆಯಿತು. ಬಂದ್ ಆದ ನಂಬರನ್ನು 90 ದಿನ ಯಾರಿಗೂ ಕೊಡುವಂತಿಲ್ಲ. ಆಮೇಲೆ ಹೊಸ ಗಿರಾಕಿಗೆ ಕೊಡಬಹುದು, ಕೊಟ್ಟರು. ಆ ಹೊಸ ಮನುಷ್ಯ ಅದೇ ನಂಬರಿನಿಂದ ಅದೇ ಆ್ಯಪ್ ಹಾಕಿಕೊಂಡ. ಕಂಪನಿಯ ರಿಜಿಸ್ಟರಿನಲ್ಲಿ ನಂಬರ್ ಇದೆಯಾ? ಇದೆ. ನಿಮ್ಮ ಫೋನ್‌ಬುಕ್ಕಿನಲ್ಲಿ ಇದೆಯಾ? ಇದೆ. ಎರಡೂ ಕೂಡಿತು, ಹಸಿರು. ಹೋಲಿಸುವುದು ನಂಬರಿಗೆ ನಂಬರ್ ಮಾತ್ರ. ಮನುಷ್ಯ ಬದಲಾದದ್ದು ಆ ಲೆಕ್ಕದಲ್ಲಿ ಕಾಣುವುದೇ ಇಲ್ಲ.

ಕಂಪನಿಯ ತಪ್ಪು ಅಂತಲೂ ಹೇಳಲಾರೆ, ಗುರುತು ತನ್ನ ಮಟ್ಟಿಗೆ ನಿಜವನ್ನೇ ಹೇಳಿದೆ.

ಕೌಂಟರ್ ನಂಬರ್ 3
ಬಂದ್ ಆದ ನಂಬರುಗಳ ಪಟ್ಟಿ ಸರ್ಕಾರದ ಕಡೆಯಿಂದ ಬರುತ್ತದೆ. ಬ್ಯಾಂಕುಗಳೂ ಆ್ಯಪ್‌ನವರೂ ವಾರಕ್ಕೆ ಒಮ್ಮೆಯಾದರೂ ಅದನ್ನು ನೋಡಿ ಹಳೇ ಜೋಡಣೆ ಕಿತ್ತುಹಾಕಬೇಕು ಎಂದು ಎನ್‌ಪಿಸಿಐ ನಿಯಮ ಮಾಡಿದೆ, 2025ರ ಮಾರ್ಚ್ 31ರ ಗಡುವು ಕೊಟ್ಟಿತ್ತು. ಆದರೆ ಅದು ತಡೆಯುವುದು ಹಳಬನ ಖಾತೆ ಹೊಸಬನ ನಂಬರಿಗೆ ಅಂಟಿಕೊಂಡಿರುವುದನ್ನು. ಹೊಸಬ ತನ್ನ ಖಾತೆಯನ್ನೇ ಜೋಡಿಸಿಕೊಂಡಿದ್ದರೆ ಆ ನಿಯಮ ಏನೂ ಮಾಡಲಾರದು. ನಿನ್ನ ಫೋನ್‌ಬುಕ್ಕಿನಲ್ಲಿರುವ ಹಳೇ ಹೆಸರನ್ನು ಯಾವ ನಿಯಮವೂ ಅಳಿಸುವುದಿಲ್ಲ.

ಗಂಗಾವತಿ ಸೋನಾ
1930ಗೆ ಫೋನ್ ಮಾಡಿ, ಖಾತೆ ಫ್ರೀಜ್ ಮಾಡುತ್ತಾರೆ.

ಕೌಂಟರ್ ನಂಬರ್ 3
ಅದು ಸೈಬರ್ ಮೋಸಕ್ಕೆ. ಇಲ್ಲಿ ಯಾರೂ ಮೋಸ ಮಾಡಿಲ್ಲ, ಇವರೇ ಕೈಯಾರೆ ಕಳಿಸಿದ್ದಾರೆ. ಆ್ಯಪ್‌ನಲ್ಲಿ ಆ ವಹಿವಾಟು ತೆರೆದು ದೂರು ಹಾಕಬೇಕು, ನಿಮ್ಮ ಬ್ಯಾಂಕಿಗೂ ಬರೆದು ಕೊಡಬೇಕು. ಅವರು ಎದುರಿನ ಬ್ಯಾಂಕಿಗೆ ತಿಳಿಸುತ್ತಾರೆ. ಎದುರಿನವರು ಒಪ್ಪಿದರೆ ವಾಪಸ್. ಒಪ್ಪದಿದ್ದರೆ ಬ್ಯಾಂಕು ತಾನಾಗಿ ಕಿತ್ತುಕೊಡಲು ಬರುವುದಿಲ್ಲ.

ತುಂಗಭದ್ರಾ ಎಡದಂಡೆ
ತಡವಾಗಿ ನೋಡಿದೆ. ನಮ್ಮದು ಸಿಂಧನೂರು ಕಡೆ, ಭತ್ತದ ನಾಟಿಗೆ ಹೆಣ್ಣುಮಕ್ಕಳ ಗುಂಪು ಬರುತ್ತದೆ. ಅವರಿಗೆ ಕಳಿಸುವಾಗ ಸಣ್ಣ ಹೆಸರು ನೋಡಿದರೂ ತಿಳಿಯುವುದಿಲ್ಲ. ಇಪ್ಪತ್ತು ಜನರಲ್ಲಿ ಏಳೆಂಟು ಜನ ಕೊಡುವುದು ಗಂಡನ ನಂಬರ್, ಇಲ್ಲ ಮಗನದು. ಹಸಿರು ಗುರುತು ಬರುತ್ತದೆ, ಕೆಳಗೆ ಗಂಡಸಿನ ಹೆಸರು ಬರುತ್ತದೆ. ತಪ್ಪು ನಂಬರೋ, ಗಂಡನೋ ನನಗೆ ಹೇಗೆ ಗೊತ್ತು? ಒಂದು ಸಲ ಒಬ್ಬ ಅಕ್ಕನ ಆರು ದಿನದ ಕೂಲಿ ಗಂಡನ ಖಾತೆಗೆ ಹೋಯಿತು. ಆತ ಅದನ್ನು ಯಾವ ದಾರಿಗೆ ಕಳಿಸಿದ ಎಂದು ಊರಿಗೆಲ್ಲ ಗೊತ್ತು. ಅಕ್ಕ ನನ್ನ ಮನೆ ಮುಂದೆ ಬಂದು ಕೂತಳು. ಈಗ ನಾನು ಹೆಣ್ಣಾಳುಗಳಿಗೆ ನೋಟೇ ಕೊಡುತ್ತೇನೆ.

ಮಾನ್ವಿ ಮೇಡಂ
ಒಳ್ಳೇ ಕೆಲಸ ಅಣ್ಣ.

ಕೊಪ್ಪಳ ಕೋಟೆ
ಮೊದಲು ಒಂದು ರೂಪಾಯಿ ಕಳಿಸಿ, ಬಂತಾ ಎಂದು ಕೇಳಿ, ಆಮೇಲೆ ಉಳಿದದ್ದು ಕಳಿಸಿದರೆ?

ಶಕ್ತಿನಗರ ಸೆಕೆಂಡ್ ಶಿಫ್ಟ್
ಬಂತಾ ಎಂದು ಯಾರನ್ನು ಕೇಳುತ್ತೀರಿ ಅನ್ನುವುದರ ಮೇಲೆ ಇದೆ. ಆ ನಂಬರಿಗೇ ವಾಟ್ಸಾಪ್‌ನಲ್ಲಿ ಕೇಳಿದರೆ ಆ ಅಪರಿಚಿತನೇ 'ಬಂತು' ಅನ್ನುತ್ತಾನೆ. ಎದುರಿಗೆ ನಿಂತವನ ಫೋನ್ ನೋಡಬೇಕು. ಹಳಬರು ತಿರುಗಿ ಬಂದರೆ ಹಳೇ ಹೆಸರು ಅಳಿಸಿ, ಅವರ ಫೋನಿನಿಂದ ನಿಮಗೆ ಒಂದು ಮಿಸ್ಡ್ ಕಾಲ್ ಕೊಡಿಸಿ ಅದನ್ನು ಸೇವ್ ಮಾಡಿ. ಇಲ್ಲವೇ ಅವರ ಕ್ಯೂಆರ್ ಸ್ಕ್ಯಾನ್ ಮಾಡಿಬಿಡಿ, ಆಗ ಫೋನ್‌ಬುಕ್ ನಡುವೆ ಬರುವುದೇ ಇಲ್ಲ.

ಕೌಲ್‌ಬಜಾರ್ ಹೊಲಿಗೆ
ಇವತ್ತು ಕೂತು ಫೋನ್‌ಬುಕ್ ಸೋಸಿದೆ. ಬಿಟ್ಟುಹೋದ ಕೆಲಸಗಾರರೇ 61 ಜನ ಇದ್ದರು. ಅದರಲ್ಲಿ 40 ಚಿಲ್ಲರೆ ಹಸಿರು. ಐದಾರು ಜನರ ಹೆಸರು ಒತ್ತಿ ನೋಡಿದೆ, ಎರಡು ಕಡೆ ಕೆಳಗಿನ ಹೆಸರು ಸಂಬಂಧವೇ ಇಲ್ಲ. ಎಲ್ಲ ಅಳಿಸಿದೆ. 'ಜಿಪ್' ಹುಡುಗನಿಗೆ ಕೈಯಿಂದ 3,400 ಕೊಟ್ಟಿದ್ದೇನೆ, ಅವನದೇನು ತಪ್ಪು. ಬ್ಯಾಂಕಿಗೆ ಅರ್ಜಿ ಕೊಟ್ಟು 19 ದಿನ ಆಯಿತು. 'ಎದುರಿನ ಬ್ಯಾಂಕಿನಿಂದ ಉತ್ತರ ಬಂದಿಲ್ಲ' ಅಂತಲೇ ಹೇಳುತ್ತಿದ್ದಾರೆ.

ಒಗ್ಗರಣೆ ಮಂಡಕ್ಕಿ
ಅಳಿಸುವಾಗ ಆ 3,400ರ ನಂಬರೂ ಅಳಿಸಿಬಿಟ್ಟಿರಾ? ಬ್ಯಾಂಕಿನವರು ಕೇಳಿದರೆ?

ಕೌಲ್‌ಬಜಾರ್ ಹೊಲಿಗೆ
ಅದೊಂದು ಇಟ್ಟಿದ್ದೇನೆ. ಹೆಸರು ಬದಲಾಯಿಸಿ 'ಇವನಿಗೆ ಕಳಿಸಬೇಡ' ಅಂತ ಬರೆದಿದ್ದೇನೆ. ಈಗಲೂ ಪಟ್ಟಿಯಲ್ಲಿ ಹಸಿರು ಗುರುತಿನ ಜೊತೆಗೇ ಕಾಣುತ್ತದೆ.